40 ಸೆಂ.ಮೀ. ದಾರದೊಳಗೆ ಅತಿ ದೊಡ್ಡ ಆಯತ: ಕೆಲಸ ಎಲ್ಲಿಗೆ ಬಂತು

ಹಂತ 1: ದಾರ, ಪಿನ್ನು

ಬೇಕಾದದ್ದು ಪಿನ್ನು ಇಳಿಯುವಷ್ಟು ಮೆತ್ತಗಿನ ಹಲಗೆ, ಗ್ರಾಫ್ ಹಾಳೆ, ನಾಲ್ಕು ಗುಂಡುಪಿನ್ನು, ಎಳೆದರೂ ಹಿಗ್ಗದ ತೆಳು ದಾರ. ಸುತ್ತಳತೆ 40 ಸೆಂ.ಮೀ. ಅಂದಮೇಲೆ ಉದ್ದ ಅಗಲ ಸೇರಿ ಯಾವತ್ತೂ 20. ಪಿನ್ನುಗಳನ್ನು ಸರಿಸುತ್ತ ಹೋದರೆ 16×4 ಕ್ಕೆ 64 ಚದರ ಸೆಂ.ಮೀ., 13×7 ಕ್ಕೆ 91, 11×9 ಕ್ಕೆ 99, 10×10 ಕ್ಕೆ 100 ಬರಬೇಕು.

ದಾರವನ್ನು ಸರಿಯಾಗಿ 40 ಕ್ಕೇ ಗಂಟು ಹಾಕಿದರೆ ಚೌಕಕ್ಕೆ 100 ಬರುವುದಿಲ್ಲ, ಸುಮಾರು 98.4 ಬರುತ್ತದೆ. ದಾರ ಪಿನ್ನಿನ ಹೊರಮೈಯನ್ನು ಸುತ್ತಿಕೊಂಡು ಹೋಗುತ್ತದೆ, ನಾವು ಅಳೆಯುವುದು ಪಿನ್ನಿನ ನಡುವಿನಿಂದ ನಡುವಿಗೆ. ನಾಲ್ಕು ಮೂಲೆಗಳ ತಿರುವು ಕೂಡಿದರೆ ಒಂದು ಪೂರ್ತಿ ಸುತ್ತು. ಪಿನ್ನು 1 ಮಿ.ಮೀ. ದಪ್ಪವಿದ್ದರೆ ಅಲ್ಲೇ 3 ಮಿ.ಮೀ.ಗಿಂತ ತುಸು ಹೆಚ್ಚು ದಾರ ಖರ್ಚಾಗುತ್ತದೆ. ಗಂಟು ಹಾಕಿದ ಮೇಲೆ ಕುಣಿಕೆ 40.3 ಇರಲಿ, ಲೆಕ್ಕ ಸರಿಹೋಗುತ್ತದೆ.

ಹಂತ 2: ಸಾಧನೆ

ಅಳತೆಯ ಪಟ್ಟಿ ಎಷ್ಟೇ ಉದ್ದವಾದರೂ ಸಾಧನೆಯಾಗದು. 10 ಕ್ಕೂ 10.1 ಕ್ಕೂ ನಡುವೆ ಏನಾಗುತ್ತದೆಂದು ಅದು ಹೇಳುವುದಿಲ್ಲ. ಇಲ್ಲಿ ಕಲನಶಾಸ್ತ್ರದ ಹಂಗಿಲ್ಲದೆ ಕೈಹಿಡಿಯುವುದು ಮಾಧ್ಯಗಳ ಅಸಮಾನತೆ: ಎರಡು ಧನ ಸಂಖ್ಯೆಗಳ ಗುಣೋತ್ತರ ಮಾಧ್ಯ ಅವುಗಳ ಸಮಾಂತರ ಮಾಧ್ಯವನ್ನು ಎಂದೂ ಮೀರದು. ಇದರ ಬೇರು ಇಷ್ಟೇ, ಯಾವ ವರ್ಗವೂ ಋಣವಾಗುವುದಿಲ್ಲ. ಉದ್ದ x, ಅಗಲ y ಆದರೆ:

```
(√x − √y)² ≥ 0
x + y − 2√(xy) ≥ 0
√(xy) ≤ (x + y)/2 = 20/2 = 10
xy ≤ 100
```

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕೆಲಸ ಮಾತ್ರ. ವಿಸ್ತೀರ್ಣ 100 ನ್ನು ದಾಟದು ಎಂದಾಯಿತು, 100 ನ್ನು ಮುಟ್ಟುತ್ತದೆ ಎಂದಾಗಲಿಲ್ಲ. ಮೊದಲ ಸಾಲಿನ ವರ್ಗ ಸೊನ್ನೆಯಾದಾಗ ಮಾತ್ರ ಸಮಚಿಹ್ನೆ ನಿಲ್ಲುತ್ತದೆ, ಅಂದರೆ x = y = 10. ಅಂಥ ಆಯತ ನಮ್ಮ ದಾರಕ್ಕೆ ಸಾಧ್ಯ, ಆದ್ದರಿಂದ 100 ನಿಜಕ್ಕೂ ಗರಿಷ್ಠ. ಈ ಕೊನೆಯ ಸಾಲನ್ನು ಬಿಡುವವರೇ ಜಾಸ್ತಿ.

ಹಂತ 3: ಕತ್ತರಿ

13×7 ರ ಕಾಗದದ ಆಯತ ತೆಗೆದುಕೊಳ್ಳಿ. ಬಲತುದಿಯಲ್ಲಿ 3 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿದರೆ ಉಳಿಯುವುದು 10×7, ಕೈಗೆ ಬಂದದ್ದು 3×7. ಪಟ್ಟಿಯನ್ನು ಅಡ್ಡ ತಿರುಗಿಸಿ ಉಳಿದ ತುಂಡಿನ ತಲೆಯ ಮೇಲೆ, ಎಡಕ್ಕೆ ಒತ್ತಿ ಇಡಿ. 10×10 ರ ಚೌಕ ಬಹುತೇಕ ತುಂಬುತ್ತದೆ, ಮೇಲಿನ ಬಲಮೂಲೆಯಲ್ಲಿ 3×3 ಮಾತ್ರ ಖಾಲಿ. 100 − 9 = 91. ಯೂಕ್ಲಿಡನ ‘ಎಲಿಮೆಂಟ್ಸ್’ ಎರಡನೇ ಪುಸ್ತಕದ 5ನೇ ಪ್ರಮೇಯ ಹೇಳುವುದೂ ಇದನ್ನೇ.

ಬೀಜಗಣಿತ ಅಷ್ಟಾಗಿ ತೋರಿಸದ ಒಂದು ಸಂಗತಿ ಈ ಖಾಲಿ ಮೂಲೆಯಲ್ಲಿ ಕಾಣುತ್ತದೆ. ಬಾಹು 10 ರಿಂದ d ಯಷ್ಟು ತಪ್ಪಿದರೆ ನಷ್ಟ ಸರಿಯಾಗಿ d². ಅರ್ಧ ಸೆಂ.ಮೀ. ತಪ್ಪಿದರೆ ಹೋಗುವುದು ಕಾಲು ಚದರ ಸೆಂ.ಮೀ. ಮಾತ್ರ. ಹಾಗಾಗಿ ಹಲಗೆಯ ಮೇಲೆ ಅಳೆದು ಗರಿಷ್ಠದ ಜಾಗವನ್ನು ಕರಾರುವಾಕ್ಕಾಗಿ ಹಿಡಿಯುವುದು ಕಷ್ಟ: 10.2×9.8 ಕ್ಕೂ ಚೌಕಕ್ಕೂ ಇರುವ ವ್ಯತ್ಯಾಸ 0.04, ಅದು ಅಳತೆಯ ದೋಷದಲ್ಲೇ ಮುಳುಗಿಹೋಗುತ್ತದೆ.

ಹಂತ 4: ಒಂದು ಬದಿಗೆ ಗೋಡೆ

ಈಗ ಅದೇ 40 ಸೆಂ.ಮೀ. ದಾರ ಮೂರು ಬದಿಗೆ ಮಾತ್ರ, ನಾಲ್ಕನೆಯದು ಹಲಗೆಯ ಅಂಚು. ಅಂಚಿಗೆ ಲಂಬವಾದ ಎರಡು ಬಾಹು x, ಸಮಾಂತರವಾದದ್ದು y ಆದರೆ 2x + y = 40.

ಅಭ್ಯಾಸಬಲದಿಂದ x, y ಗಳಿಗೇ ಅಸಮಾನತೆ ಹಚ್ಚಿ x = y ಎಂದುಕೊಂಡರೆ ಎರಡೂ 13.33, ವಿಸ್ತೀರ್ಣ ಸುಮಾರು 177.8. ಇದು ತಪ್ಪು. x + y ಇಲ್ಲಿ 40 − x, ಅದು ಸ್ಥಿರವಲ್ಲ. x ಜೊತೆ ಅಸಮಾನತೆಯ ಬಲಬದಿಯ ಮಿತಿಯೂ ಅಲುಗಾಡುತ್ತದೆ. ಅಲುಗಾಡುವ ಮಿತಿಯಿಂದ ಗರಿಷ್ಠ ಸಿಗದು. ಮೊತ್ತ ಸ್ಥಿರವಾಗಿರುವುದು 2x ಮತ್ತು y ಗಳದ್ದು, ಹಚ್ಚಬೇಕಾದದ್ದೂ ಅವಕ್ಕೇ:

```
2x·y ≤ (40/2)² = 400
xy ≤ 200
2x = y = 20
```

x = 10, y = 20. ಚೌಕ ಬರಲಿಲ್ಲವಲ್ಲ ಎನ್ನಿಸಿದರೆ ಅಂಚಿನ ಮೇಲೆ ನೇರವಾಗಿ ಒಂದು ಕನ್ನಡಿ ನಿಲ್ಲಿಸಿ ನೋಡಿ. ಆಯತವೂ ಪ್ರತಿಬಿಂಬವೂ ಸೇರಿ 20×20 ರ ಚೌಕ.

ಅಂಚು 16 ಸೆಂ.ಮೀ. ಮಾತ್ರ ಇದ್ದು, y ಅದನ್ನು ಮೀರುವಂತಿಲ್ಲ ಎಂದರೆ ಸಮಚಿಹ್ನೆಯ ಷರತ್ತು ಕೈಗೆಟುಕದು. 200 ಮೇಲ್ಮಿತಿಯಾಗಿ ಸರಿಯೇ, ಉತ್ತರವಾಗಿ ತಪ್ಪು. ಆಗ y ಯನ್ನು 20 − d ಎಂದು ಬರೆದರೆ 2x ಆಗುವುದು 20 + d, ವಿಸ್ತೀರ್ಣ 200 − d²/2. d ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು, ಇಲ್ಲಿ ಅತಿ ಚಿಕ್ಕದು 4. ಹೀಗಾಗಿ y = 16, x = 12, ವಿಸ್ತೀರ್ಣ 192.