ಕುವೆಂಪು ಹುಟ್ಟಿದ ತಿಥಿ ಈ ಸಲ 22ಕ್ಕೆ

ಮೈಸೂರು, 22 ಡಿಸೆಂಬರ್ 2024, ಭಾನುವಾರ

ಬೆಳಿಗ್ಗೆ ಆರಕ್ಕೆ ಹಾಲು ತರಲು ಹೊರಟೆ. ನೆತ್ತಿಯ ಹತ್ತಿರ ಅರ್ಧ ಚಂದ್ರ ಇದ್ದ. ವಾಪಸ್ ಬಂದರೆ ಅಮ್ಮ ಸೀರೆ ಉಟ್ಟು ರೆಡಿ. “ಇವತ್ತು ಶಾರದಾದೇವಿ ಜಯಂತಿ, ಆಶ್ರಮಕ್ಕೆ ಹೋಗಿ ಬರ್ತೀನಿ. ಕುವೆಂಪು ಅವರದೂ ಇದೇ ತಿಥಿ ಕಣೋ” ಎಂದರು.

ನಾನು ಸುಮ್ನೆ ಇರಲಿಲ್ಲ. ಅವರದು 29 ಅಲ್ವಾ ಎಂದೆ. ಆಮೇಲೆ ಪಂಚಾಂಗ ಹಿಡಿದು ಕೂತೆ.

ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29, ಗುರುವಾರ. ಅವತ್ತು ಕ್ರೋಧಿ ಸಂವತ್ಸರದ ಮಾರ್ಗಶಿರ ಬಹುಳ ಸಪ್ತಮಿ, ಉತ್ತರಾ ನಕ್ಷತ್ರ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಸುತ್ತು ಮುಗಿಸುತ್ತವೆ. 120 ವರ್ಷ ಕಳೆದು ಈಗ ಮತ್ತೆ ಕ್ರೋಧಿ. ಇವತ್ತು ಮಾಸ, ತಿಥಿ, ನಕ್ಷತ್ರ ಎಲ್ಲಾ ಅವೇ. ವಾರ ಮಾತ್ರ ಬೇರೆ. ತಾರೀಕು ಏಳು ದಿನ ಹಿಂದೆ ಬಂದಿದೆ.

ಸಪ್ತಮಿ ನಿನ್ನೆ ಮಧ್ಯಾಹ್ನವೇ ಶುರುವಾಗಿತ್ತು, ಇವತ್ತು ಮಧ್ಯಾಹ್ನದ ಮೇಲೆ ಮುಗಿಯುತ್ತದೆ. ಹಾಗಾದರೆ ಯಾವ ದಿನ? ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದೇ ದಿನದ ತಿಥಿ. ಆದ್ದರಿಂದ ಇವತ್ತು.

ಹಿಂದಿನ ಎರಡು ಸಲದ ತಾರೀಕು ನೋಡಿದೆ. 2022ರಲ್ಲಿ ಡಿಸೆಂಬರ್ 15. ಅದರ ಮುಂದಿನದು 2024ರ ಜನವರಿ 3! ನಡುವೆ 384 ದಿನ. 2023ರಲ್ಲಿ ಅಧಿಕ ಶ್ರಾವಣ ಬಂದು ವರ್ಷಕ್ಕೆ 13 ತಿಂಗಳಾಗಿತ್ತು. ಹಾಗಾಗಿ 2023ರ ಕ್ಯಾಲೆಂಡರ್ ತುಂಬಾ ಹುಡುಕಿದರೂ ಈ ತಿಥಿ ಸಿಗುವುದಿಲ್ಲ, 2024ಕ್ಕೆ ಎರಡು ಸಲ ಸಿಗುತ್ತದೆ. ಜನವರಿ 3ರಿಂದ ಇವತ್ತಿಗೆ 354 ದಿನ. ಇದು ಅಧಿಕ ಮಾಸವಿಲ್ಲದ, 12 ಚಾಂದ್ರ ತಿಂಗಳ ವರ್ಷ. ಪ್ರತಿ ವರ್ಷ ಹನ್ನೊಂದು ದಿನ ಕಳೆದರೆ ಸಾಕು ಅಂತ ಲೆಕ್ಕ ಹಾಕುವವರು ಎಡವುವುದು ಈ ಅಧಿಕ ಮಾಸದಲ್ಲೇ.

ನಾನೂ ಒಂದು ಕಡೆ ಎಡವಿದೆ. ಮೊಬೈಲಿನ ಪಂಚಾಂಗ ಇವತ್ತನ್ನು ‘ಪೌಷ ಕೃಷ್ಣ ಸಪ್ತಮಿ’ ಅಂತ ತೋರಿಸಿತು. ಅಮ್ಮನದೇ ತಪ್ಪು ಅಂದುಕೊಂಡೆ. ನೋಡಿದರೆ ಅದು ಉತ್ತರದ ಪದ್ಧತಿಯಲ್ಲಿತ್ತು. ಅಲ್ಲಿ ಹುಣ್ಣಿಮೆಗೆ ತಿಂಗಳು ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಶುಕ್ಲಪಕ್ಷಕ್ಕೆ ಇಬ್ಬರ ಹೆಸರೂ ಒಂದೇ, ಬಹುಳಕ್ಕೆ ಮಾತ್ರ ಅವರು ಒಂದು ತಿಂಗಳ ಹೆಸರು ಮುಂದೆ. ಅಲ್ಲಿ ‘ಮಾರ್ಗಶೀರ್ಷ ಕೃಷ್ಣ’ ಅಂತ ಹುಡುಕಿದ್ದರೆ ಒಂದು ತಿಂಗಳು ಮೊದಲೇ ಹುಟ್ಟುಹಬ್ಬ ಮಾಡಿ ಮುಗಿಸಿರುತ್ತಿದ್ದೆ.

ಸರ್ಕಾರದ ವಿಶ್ವಮಾನವ ದಿನ 29ಕ್ಕೇ. ಸಭೆ, ಭಾಷಣಕ್ಕೆ ಅದೇ ಸರಿ, ಹಾಲ್ ಮೊದಲೇ ಬುಕ್ ಮಾಡಬೇಕಲ್ಲ. ನಮ್ಮ ಮನೆಯಲ್ಲಿ ಮಾತ್ರ ಇವತ್ತೇ ಶಾವಿಗೆ ಪಾಯಸ. ಅಮ್ಮ ಆಶ್ರಮದಿಂದ ಬಂದ ಮೇಲೆ ಮುಂದಿನ ವರ್ಷದ್ದೂ ಕೇಳಿದರು. 2025ಕ್ಕೆ ಡಿಸೆಂಬರ್ 11 ಅಂತ ಡೈರಿಯಲ್ಲಿ ಬರೆದುಕೊಟ್ಟೆ.