ಪ್ರಶ್ನೆ 7ರಿಂದ ಪ್ರಶ್ನೆ 14ಕ್ಕೆ

ಡೊಂಬಿವಲಿಯ ನಮ್ಮ ಕನ್ನಡ ಸಂಘದವರು ಸದಸ್ಯರ ಮನೆಗಳಲ್ಲಿ ಮಕ್ಕಳ ಕನ್ನಡ ಕಲಿಕೆ ಹೇಗಿದೆಯೆಂದು ತಿಳಿಯಲು ಒಂದು ಪ್ರಶ್ನಾವಳಿ ಸಿದ್ಧಪಡಿಸಿದ್ದರು. ಮುಂಬಯಿಯ ಮಾರುಕಟ್ಟೆ ಸಮೀಕ್ಷೆಗಳ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದ ನನಗೆ, ಅದನ್ನು ಮುದ್ರಣಕ್ಕೆ ಹೊಂದುವ ಸಮೀಕ್ಷಾ ಪತ್ರವಾಗಿ ಜೋಡಿಸಿಕೊಡುವಂತೆ ಕಾರ್ಯದರ್ಶಿಗಳು ಹೇಳಿದರು. ಪ್ರಶ್ನೆಗಳು ಒಳ್ಳೆಯವೇ ಆಗಿದ್ದವು. ಆದರೆ ಹೌದು ಅಥವಾ ಇಲ್ಲ ಎನ್ನುವವು, ಪಟ್ಟಿಯಿಂದ ಆರಿಸುವವು, ಅಂಕ ಕೊಡುವವು, ಬರೆದು ಉತ್ತರಿಸುವವು ಎಲ್ಲವೂ ಬೆರೆತು, ಕ್ರಮಸಂಖ್ಯೆಯಿಲ್ಲದೆ ಸಾಲಾಗಿ ಹರಿದಿದ್ದವು. ಆ ಭಾನುವಾರವೆಲ್ಲ ನನ್ನನ್ನು ಹಿಡಿದಿಟ್ಟದ್ದು ಅವುಗಳಲ್ಲಿ ಒಂದೇ ಒಂದು ವಾಕ್ಯ.

“ನಿಮ್ಮ ಮಕ್ಕಳಿಗೆ ಕನ್ನಡ ಓದಲು ಬರೆಯಲು ಬರುತ್ತದೆಯೇ, ಸಂಘದ ತರಗತಿಗೆ ಬರುತ್ತಾರೆಯೇ, ಬರದಿದ್ದರೆ ಏಕೆ, ಬಂದಿದ್ದರೆ ತರಗತಿ ಹೇಗಿದೆ?” ಓದಲು ಬಂದು ಬರೆಯಲು ಬಾರದ ಮಗು ಮುಂಬಯಿಯ ಮನೆಗಳಲ್ಲಿ ಸಾಮಾನ್ಯ. ಅಂಥ ಮನೆಯವರು ಈ ಪ್ರಶ್ನೆಗೆ ಯಾವ ಗುರುತು ಹಾಕಬೇಕು? ಇಬ್ಬರು ಮಕ್ಕಳಿದ್ದು, ಒಬ್ಬರಿಗೆ ಮಾತ್ರ ಬಂದರೆ? ಹೀಗಾಗಿ ಮೊದಲು ಪ್ರಶ್ನೆಯನ್ನು ಬಿಡಿಸಬೇಕಾಯಿತು. ಮನೆಯಲ್ಲಿ 6ರಿಂದ 16 ವರ್ಷದ ಮಕ್ಕಳಿದ್ದಾರೆಯೇ ಎಂಬುದು ಪ್ರ.7 ಆಯಿತು. ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದರೂ ಇಬ್ಬರೇ ಇದ್ದರೂ, ತೀರ ಇತ್ತೀಚೆಗೆ ಯಾರ ಹುಟ್ಟುಹಬ್ಬ ಆಗಿದೆಯೋ ಆ ಮಗುವಿನ ಬಗ್ಗೆ ಮಾತ್ರ ಉತ್ತರಿಸಿರೆಂದು ಅದರ ಕೆಳಗೆ ಸೂಚಿಸಿದೆ. ಹಾಗೆ ಹೇಳದಿದ್ದರೆ ತಂದೆತಾಯಿಯರು ಕನ್ನಡ ಚೆನ್ನಾಗಿ ಬರುವ ಮಗುವನ್ನೇ ನೆನೆಸಿಕೊಂಡು ಉತ್ತರಿಸುವ ಸಂಭವ ಹೆಚ್ಚು. ಪ್ರ.8 ಓದಿನದು, ಪ್ರ.9 ಬರವಣಿಗೆಯದು, ಪ್ರ.10 ತರಗತಿಯದು.

ಪ್ರ.10ಕ್ಕೆ ಮೂರು ಉತ್ತರಗಳಿವೆ: ಮಗು ಈಗ ಬರುತ್ತಿದೆ (1), ಹಿಂದೆ ಬಂದು ಬಿಟ್ಟಿದೆ (2), ಎಂದೂ ಬಂದಿಲ್ಲ (3). ತರಗತಿ ಹೇಗಿದೆಯೆಂದು ಮೊದಲ ಇಬ್ಬರನ್ನೂ ಕೇಳಬೇಕು. ಬಿಟ್ಟದ್ದೇಕೆಂದು ಎರಡನೆಯವರನ್ನು ಮಾತ್ರ, ಬಾರದ ಕಾರಣವನ್ನು ಮೂರನೆಯವರನ್ನು ಮಾತ್ರ ಕೇಳಬೇಕು. ನಾನು ಮೊದಲು ಯೋಚಿಸಿದ ಕ್ರಮದಲ್ಲಿ ತರಗತಿಯ ಅಂಕಗಳು ಮೊದಲು, ಬಿಟ್ಟ ಕಾರಣ ಅದರ ನಂತರ ಇದ್ದವು. ಆ ಕ್ರಮದಲ್ಲಿ ಒಂದು ತೊಡಕಿದೆ. ಒಟ್ಟಿಗೆ ಅಂಕ ಕೊಟ್ಟ ಎರಡು ಗುಂಪುಗಳು ನಂತರ ಬೇರೆಯಾಗಬೇಕು, ಅದಕ್ಕಾಗಿ ಉತ್ತರಿಸುವವರು ಹಿಂದಕ್ಕೆ ತಿರುಗಿ ತಾವು ಪ್ರ.10ರಲ್ಲಿ ಏನು ಗುರುತಿಸಿದ್ದೆವೆಂದು ನೋಡಬೇಕು. ಕಾಗದದ ಮೇಲೆ ಯಾರೂ ಹಿಂದಿರುಗಿ ನೋಡುವುದಿಲ್ಲ, ಸಿಕ್ಕ ಪ್ರಶ್ನೆಗೆ ಉತ್ತರಿಸುತ್ತ ಹೋಗುತ್ತಾರೆ. ಆದ್ದರಿಂದ ಬಿಟ್ಟ ಕಾರಣವನ್ನು ಪ್ರ.11ಕ್ಕೆ ತಂದು, ಅಂಕಗಳನ್ನು ಪ್ರ.12ಕ್ಕೆ ಸರಿಸಿದೆ. ಈಗ ಪ್ರ.10ರ ಪಕ್ಕದಲ್ಲೇ ದಾರಿಗಳೆಲ್ಲ ಒಡೆಯುತ್ತವೆ: 1ಕ್ಕೆ ಎದುರಾಗಿ “ಪ್ರ.12ಕ್ಕೆ ಹೋಗಿ”, 2ಕ್ಕೆ “ಪ್ರ.11ಕ್ಕೆ ಹೋಗಿ”, 3ಕ್ಕೆ “ಪ್ರ.13ಕ್ಕೆ ಹೋಗಿ”. ಪ್ರ.11 ತಾನಾಗಿ ಪ್ರ.12ಕ್ಕೆ ಸೇರುತ್ತದೆ. ಪ್ರ.12ರ ಕೊನೆಯಲ್ಲಿ ಎಲ್ಲರಿಗೂ “ಪ್ರ.14ಕ್ಕೆ ಹೋಗಿ” ಎಂದಿದೆ. ಪ್ರ.7ರಲ್ಲಿ ಮಕ್ಕಳಿಲ್ಲ ಎಂದವರಿಗೂ ಅದೇ ಪ್ರ.14.

ಸೂಚನೆಯನ್ನು ಪ್ರಶ್ನೆಯ ಕೆಳಗೆ ಬರೆಯುವ ರೂಢಿ ಇದೆ. ನಾನು ಅದನ್ನು ಪ್ರತಿ ಉತ್ತರದ ಬಲಕ್ಕೆ, ಬಾಣದ ಗುರುತಿನೊಂದಿಗೆ ದಪ್ಪಕ್ಷರದಲ್ಲಿ ಇಟ್ಟೆ, ಏಕೆಂದರೆ ಗುರುತು ಹಾಕುವ ಕ್ಷಣದಲ್ಲಿ ಕಣ್ಣು ಅಲ್ಲೇ ಇರುತ್ತದೆ. ಇನ್ನೊಂದು ಸಂಗತಿ ನಮ್ಮ ಊರಿನದೇ. ಇಲ್ಲಿ ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಓದಿದ ಕೆಲವು ತಾಯಂದಿರಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಅವರ ಮನೆಗಳಿಗೆ ಸ್ವಯಂಸೇವಕರು ಹೋಗಿ ಪ್ರಶ್ನೆಗಳನ್ನು ಓದಿ ಹೇಳಬೇಕು. ಸಂಘದ ಕಾರ್ಯಕರ್ತೆಯೊಬ್ಬರು ಮಾದರಿ ಪುಟವನ್ನು ನೋಡಿ, “ಅಕ್ಕಾ, ‘ಪ್ರ.12ಕ್ಕೆ ಹೋಗಿ’ ಅನ್ನೋದನ್ನೂ ನಾನು ಓದಿ ಹೇಳಬೇಕಾ?” ಎಂದು ಕೇಳಿದರು. ಆ ಮಾತಿನಿಂದಾಗಿ ಓದಿ ಹೇಳುವ ವಾಕ್ಯಗಳನ್ನು ಸಾಮಾನ್ಯ ಅಕ್ಷರದಲ್ಲೂ, ಸ್ವಯಂಸೇವಕರಿಗೆ ಮಾತ್ರವಾದ ಸೂಚನೆಗಳನ್ನು ಬೂದು ಚೌಕಟ್ಟಿನೊಳಗೂ ಇರಿಸಿದೆ. ಒಂದೇ ಉತ್ತರ ಕೇಳುವಲ್ಲಿ ಗುಂಡು ಗುರುತು, ಹಲವು ಉತ್ತರ ಒಪ್ಪುವಲ್ಲಿ ಚೌಕ ಗುರುತು ಹಾಕಿದೆ.

ಪ್ರ.12ರ ಅಂಕಗಳ ಕೋಷ್ಟಕಕ್ಕೆ ನಾಲ್ಕು ಸಾಲುಗಳು: ತರಗತಿಯ ಸಮಯ, ಸ್ಥಳ, ಪಾಠದ ಮಟ್ಟ, ಶಿಕ್ಷಕರ ಗಮನ. ಮೂಲದ ಅಂಕ ಕೊಡುವ ಪ್ರಶ್ನೆಗಳಲ್ಲಿ “ತರಗತಿ ಚೆನ್ನಾಗಿದೆ, ಒಪ್ಪುತ್ತೀರಾ?” ಎಂಬ ಧಾಟಿಯಿತ್ತು. ಒಪ್ಪಿಗೆಯನ್ನು ಐದು ಮೆಟ್ಟಿಲುಗಳಲ್ಲಿ ಅಳೆಯುವ ಪದ್ಧತಿ 1932ರಲ್ಲಿ ರೆನ್ಸಿಸ್ ಲಿಕರ್ಟ್ ಅವರು ಪ್ರಕಟಿಸಿದ ಪ್ರಬಂಧದಿಂದ ಹೆಸರು ಪಡೆದಿದೆ. ಆದರೆ ಸಂಘದ ಹಿರಿಯರ ಎದುರು ಕುಳಿತು ಯಾರೂ ‘ಒಪ್ಪುವುದಿಲ್ಲ’ ಎನ್ನಲಾರರು ಎಂಬುದು ನನ್ನ ಅನುಭವ. ಹೀಗಾಗಿ ಒಪ್ಪಿಗೆಯ ಬದಲು ‘ತೀರ ಕಳಪೆ’ಯಿಂದ ‘ತುಂಬ ಚೆನ್ನಾಗಿದೆ’ವರೆಗೆ 1ರಿಂದ 5ರ ಮೆಟ್ಟಿಲುಗಳನ್ನು ಇಟ್ಟು, ಪ್ರತಿ ಅಂಕದ ಮೇಲೂ ಮಾತಿನ ಅರ್ಥವನ್ನು ಬರೆದೆ. ‘ಗೊತ್ತಿಲ್ಲ’ ಎಂಬುದನ್ನು ಮಧ್ಯದ 3ರಲ್ಲಿ ಸೇರಿಸದೆ, ಕೋಷ್ಟಕದ ಬಲತುದಿಯಲ್ಲಿ ಬೇರೆ ಗೆರೆಯಾಚೆ 9 ಎಂದು ಗುರುತಿಸಿದೆ. ಮಧ್ಯದಲ್ಲಿಟ್ಟರೆ ಶಿಕ್ಷಕರನ್ನು ಕಂಡೇ ಇಲ್ಲದ ತಂದೆಯ ಮೌನವೂ ಸಾಧಾರಣ ಎಂಬ ಅಭಿಪ್ರಾಯವಾಗಿ ಸರಾಸರಿಗೆ ಸೇರಿಬಿಡುತ್ತದೆ. ಸರಾಸರಿ ತೆಗೆಯುವಾಗ ಆ 9ನ್ನು ಹೊರಗಿಡಬೇಕೆಂದು ಲೆಕ್ಕ ಹಾಕುವವರಿಗೂ ತಿಳಿಸಿದೆ.

ಜೋಡಣೆ ಮುಗಿಯುವ ಹೊತ್ತಿಗೆ ಕಾರ್ಯದರ್ಶಿಗಳು ಫೋನ್ ಮಾಡಿ, ಪ್ರ.5ರ ನಂತರ ಮನೆಯ ಮಾತಿನ ಬಗ್ಗೆ ಒಂದು ಪ್ರಶ್ನೆ ಸೇರಿಸಬೇಕೆಂದರು. ಬಹುಪಾಲು ಸಮೀಕ್ಷಾ ಪತ್ರಗಳು ಕೆಡುವುದು ಇಲ್ಲಿಯೇ. ಕ್ರಮಸಂಖ್ಯೆಗಳೆಲ್ಲ ಒಂದೊಂದು ಮುಂದಕ್ಕೆ ಸರಿಯುತ್ತವೆ, ಕೈಯಿಂದ ಟೈಪ್ ಮಾಡಿದ “ಪ್ರ.12ಕ್ಕೆ ಹೋಗಿ” ಮಾತ್ರ ಇದ್ದಲ್ಲೇ ಉಳಿದು ಜನರನ್ನು ತಪ್ಪು ಪ್ರಶ್ನೆಗೆ ಕಳಿಸುತ್ತದೆ. ನಾನು ವರ್ಡ್‌ನಲ್ಲಿ ಪ್ರಶ್ನೆಗಳಿಗೆ ಸ್ವಯಂಚಾಲಿತ ಕ್ರಮಸಂಖ್ಯೆ ಕೊಟ್ಟು, ಸೂಚನೆಗಳಲ್ಲಿನ ಸಂಖ್ಯೆಗಳನ್ನು References ಪಟ್ಟಿಯ Cross-reference ಮೂಲಕ ಸೇರಿಸಿದ್ದೆ. ಹೊಸ ಪ್ರಶ್ನೆ ಹಾಕಿದ ಮೇಲೆ Ctrl+A ಒತ್ತಿ F9 ಒತ್ತಿದರೆ ಸೂಚನೆಗಳೂ ಹೊಸ ಸಂಖ್ಯೆಗಳಿಗೆ ಬದಲಾಗುತ್ತವೆ. ಒತ್ತದಿದ್ದರೆ ಹಳೆಯ ಸಂಖ್ಯೆಯೇ ಕಾಣುತ್ತಿರುತ್ತದೆ. ಗುರಿಯ ಪ್ರಶ್ನೆಯನ್ನು ಅಳಿಸಿದ್ದರೆ ಆ ಜಾಗದಲ್ಲಿ “Error! Reference source not found.” ಎಂದು ಮೂಡುತ್ತದೆ, ಅದು ಒಳ್ಳೆಯದೇ, ತಪ್ಪು ತಾನಾಗಿ ಸಿಕ್ಕಂತಾಯಿತು. ಚರ್ಚೆಯ ನಂತರ ಮನೆಮಾತಿನ ಪ್ರಶ್ನೆಯನ್ನು ಕೊನೆಯ ವಿಭಾಗಕ್ಕೆ ಒಯ್ಯಲಾಯಿತು, ಹಳೆಯ ಸಂಖ್ಯೆಗಳು ಮರಳಿದವು.

ಮುದ್ರಣಕ್ಕೆ ಕೊಡುವ ಮುನ್ನ ನಾನು ನಾಲ್ಕು ಬಗೆಯ ಮನೆಗಳನ್ನು ಕಲ್ಪಿಸಿಕೊಂಡು ಪುಟಗಳ ಮೇಲೆ ಪೆನ್ಸಿಲಿನಿಂದ ನಡೆದೆ. ಮಕ್ಕಳಿಲ್ಲದ ಮನೆ 7ರಿಂದ 14ಕ್ಕೆ. ಮಗು ಈಗ ಬರುತ್ತಿರುವ ಮನೆ 10, 12, 14. ಬಿಟ್ಟಿರುವ ಮನೆ 10, 11, 12, 14. ಎಂದೂ ಬಾರದ ಮನೆ 10, 13, 14. ಎಲ್ಲ ದಾರಿಗಳೂ 14ರಲ್ಲಿ ಕೂಡಿದವು, ಯಾವುದೂ ಹಿಂದಕ್ಕೆ ತಿರುಗಲಿಲ್ಲ.

ಉತ್ತರಗಳು ಬಂದ ಮೇಲೂ ಇದೇ ದಾರಿ ಲೆಕ್ಕಕ್ಕೆ ಸಾಕ್ಷಿಯಾಗುತ್ತದೆಂದು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟೆ. ಉದಾಹರಣೆಗೆ 60 ಪತ್ರಗಳಲ್ಲಿ 38 ಮಂದಿ ಪ್ರ.7ಕ್ಕೆ ಹೌದೆಂದು, ಅವರಲ್ಲಿ ಪ್ರ.10ಕ್ಕೆ 15 ಮಂದಿ 1, 8 ಮಂದಿ 2, 15 ಮಂದಿ 3 ಎಂದಿದ್ದರೆ, ಪ್ರ.11ರಲ್ಲಿ 8, ಪ್ರ.12ರಲ್ಲಿ 23, ಪ್ರ.13ರಲ್ಲಿ 15 ಉತ್ತರಗಳೇ ಇರಬೇಕು. ಪ್ರ.13ರಲ್ಲಿ 18 ಕಂಡರೆ ಕನಿಷ್ಠ ಮೂವರು ಬಾಣವನ್ನು ದಾಟಿ ಬಂದಿದ್ದಾರೆ, ಆ ಪತ್ರಗಳನ್ನು ಹೊರತೆಗೆದು ಪ್ರ.10ರ ಉತ್ತರದೊಂದಿಗೆ ಹೋಲಿಸಬೇಕು. 12 ಕಂಡರೆ ಕನಿಷ್ಠ ಮೂವರು ಉತ್ತರಿಸದೆ ಬಿಟ್ಟಿದ್ದಾರೆ. ಕೇಳದೆ ಇದ್ದದ್ದನ್ನೂ ಕೇಳಿಯೂ ಉತ್ತರಿಸದೆ ಇದ್ದದ್ದನ್ನೂ ಒಂದೇ ಖಾಲಿ ಜಾಗವಾಗಿ ಬಿಡದಂತೆ, ಎರಡನೆಯದಕ್ಕೆ 99 ಎಂದು ತುಂಬಿಸಿರೆಂದು ಹೇಳಿದೆ. ಮೊದಲನೆಯದನ್ನು ಖಾಲಿ ಬಿಡಬಹುದು, ಏಕೆಂದರೆ ಬಾಣವೇ ಅದಕ್ಕೆ ಕಾರಣ ಹೇಳುತ್ತದೆ.