ಗಟ್ಟಿ ಮಲಕ್ಕೂ ಸಡಿಲ ಮಲಕ್ಕೂ ಒಂದೇ ನಾರು?

ನಾನು ಆಸ್ಪತ್ರೆಯೊಂದರಲ್ಲಿ ಆಹಾರತಜ್ಞೆ. ಮಲಬದ್ಧತೆಗೆ ಕರಗದ ನಾರು, ಭೇದಿಗೆ ಕರಗುವ ನಾರು ಎಂಬ ಸೂತ್ರವನ್ನು ಬಾಯಿಪಾಠ ಮಾಡಿಕೊಂಡೇ ಅನೇಕರು ನನ್ನ ಬಳಿ ಬರುತ್ತಾರೆ. ಅದು ಅರ್ಧ ಮಾತ್ರ ನಿಜ.

ಮೂರು ದಿನಕ್ಕೊಮ್ಮೆ, ಅದೂ ಗೋಲಿಯಂತೆ ಗಟ್ಟಿಯಾದ ಮಲ ಹೋಗುತ್ತಿದ್ದ ಒಬ್ಬರು ಗೋಧಿ ತೌಡನ್ನು ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿಸಿ ದಿನವೂ ತಿನ್ನುತ್ತಿದ್ದರು. "ತಿಂದಷ್ಟೂ ಗಟ್ಟಿಯಾಗುತ್ತಿದೆ ಮೇಡಂ" ಎಂದರು. ಆಗುವುದು ಹಾಗೆಯೇ. ತೌಡಿನ ಕರಗದ ನಾರಿಗೆ ನೀರು ಹಿಡಿದಿಡುವ ಶಕ್ತಿ ಕಡಿಮೆ. ಅದರ ದೊಡ್ಡ, ಒರಟು ಚೂರುಗಳು ದೊಡ್ಡ ಕರುಳಿನ ಒಳಪದರವನ್ನು ಉಜ್ಜಿ ಕೆರಳಿಸಿದಾಗ ಕರುಳೇ ನೀರನ್ನೂ ಲೋಳೆಯನ್ನೂ ಸ್ರವಿಸುತ್ತದೆ. ಮಲ ಮೆತ್ತಗಾಗುವುದು ಅದರಿಂದ. ನುಣ್ಣಗೆ ಅರೆದರೆ ಉಜ್ಜುವ ಗುಣ ಹೋಗಿ, ಮಲಕ್ಕೆ ಒಣ ಪದಾರ್ಥವಷ್ಟೇ ಸೇರುತ್ತದೆ.

ಹಾಗೆಂದು ಕರಗುವ ನಾರೆಲ್ಲ ಒಂದೇ ಅಲ್ಲ. ಇನ್ಯುಲಿನ್ ಎಂಬ ನಾರು ನೀರಿನಲ್ಲಿ ಕರಗುತ್ತದೆ, ಆದರೆ ಗಟ್ಟಿ ಲೋಳೆಯಾಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಬೇಗನೆ ತಿಂದು ಮುಗಿಸುತ್ತವೆ, ಹೊಟ್ಟೆಯುಬ್ಬರ ಉಳಿಯುತ್ತದೆ. ಓಟ್ಸ್‌ನ ನಾರು ಲೋಳೆಯಾದರೂ ಬಹುಪಾಲು ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಇಸಬ್ಗೋಲ್ ಹೊಟ್ಟಿನ ವಿಶೇಷವೆಂದರೆ ಅದು ಲೋಳೆಯಾಗುತ್ತದೆ, ಬ್ಯಾಕ್ಟೀರಿಯಾಗಳಿಗೂ ಅಷ್ಟು ಸುಲಭವಾಗಿ ದಕ್ಕುವುದಿಲ್ಲ. ದೊಡ್ಡ ಕರುಳು ನೀರನ್ನು ಹೀರಿಕೊಳ್ಳುತ್ತಿದ್ದರೂ ಲೋಳೆ ತನ್ನ ಪಾಲಿನ ನೀರನ್ನು ಬಿಟ್ಟುಕೊಡದೆ ಕೊನೆಯವರೆಗೂ ಸಾಗುತ್ತದೆ. ಗಟ್ಟಿ ಮಲ ಮೃದುವಾಗುವುದು ಹೀಗೆ. ಸಡಿಲ ಮಲದಲ್ಲಿ ಅದೇ ಲೋಳೆ ಹೆಚ್ಚುವರಿ ನೀರನ್ನು ಹಿಡಿದು ಮಲಕ್ಕೆ ಆಕಾರ ಕೊಡುತ್ತದೆ.

ಅವರಿಗೆ ತೌಡು ನಿಲ್ಲಿಸಲು ಹೇಳಿದೆ. ದಿನಕ್ಕೊಮ್ಮೆ ಒಂದು ಟೀ ಚಮಚ ಇಸಬ್ಗೋಲನ್ನು 250 ಮಿಲಿ ನೀರಿಗೆ ಹಾಕಿ, ಗಟ್ಟಿಯಾಗುವ ಮೊದಲೇ ಕುಡಿಯಬೇಕು. ವಾರದ ನಂತರ ದಿನಕ್ಕೆರಡು ಬಾರಿ. ಒಣ ಹೊಟ್ಟನ್ನೇ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಬೇರೆ ಮಾತ್ರೆಗಳಿದ್ದರೆ ಎರಡು ಗಂಟೆಗಳ ಅಂತರವಿರಲಿ ಎನ್ನುತ್ತೇನೆ. ಎರಡನೇ ವಾರದ ಕೊನೆಗೆ ಅವರಿಗೆ ತಿಣುಕುವ ಕಷ್ಟ ತಪ್ಪಿತ್ತು. ಸಡಿಲ ಮಲದವರಿಗೂ ಇದೇ ಪ್ರಮಾಣದಿಂದ ಶುರು ಮಾಡಿಸುತ್ತೇನೆ. ಒರಟು ತೌಡು, ಹಣ್ಣಿನ ಸಿಪ್ಪೆ, ಬೀಜಗಳನ್ನು ಕೆಲಕಾಲ ಬಿಡಿಸುತ್ತೇನೆ.

ಶುರು ಮಾಡುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕು: ಈ ಭೇದಿಗೆ ಮುಂಚೆ ಹಲವು ದಿನ ಮಲ ಹೋಗಿರಲಿಲ್ಲವೇ? ಗುದನಾಳದಲ್ಲಿ ಗಟ್ಟಿ ಮಲ ಅಡ್ಡಗಟ್ಟಿದ್ದರೆ ಅದರ ಪಕ್ಕದಿಂದ ನೀರು ಮಲ ಸೋರುತ್ತದೆ; ವಯಸ್ಸಾದವರಲ್ಲಿ ಇದು ಭೇದಿಯಂತೆಯೇ ಕಾಣುತ್ತದೆ. ಆಗ ಯಾವ ನಾರು ಕೊಟ್ಟರೂ ಅಡಚಣೆ ಹೆಚ್ಚುತ್ತದೆ. ಅಂಥವರನ್ನು ಮೊದಲು ವೈದ್ಯರು ಪರೀಕ್ಷಿಸಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದವರನ್ನೂ ನಾನು ನೇರವಾಗಿ ವೈದ್ಯರ ಬಳಿಗೇ ಕಳುಹಿಸುತ್ತೇನೆ.